ರವದಿ ಕಳೆದು ತೂಗಿ: ಸಿಎ ಇಂಟರ್ ಈ ಸಲ ಬರೆಯುವುದೋ, ಮುಂದಿನ ಸಲಕ್ಕೆ ಬಿಡುವುದೋ

ಮೇ ತಿಂಗಳ ಪರೀಕ್ಷೆಗೆ ಇನ್ನೊಂದು ತಿಂಗಳು ಇದೆ ಅನ್ನುವಾಗ ಸರಸ್ವತಿಪುರಂನ ನಮ್ಮ ಮನೆಗೆ ಪ್ರತಿ ವರ್ಷ ಒಂದಿಬ್ಬರಾದರೂ ತಾವು ಬರೆದ ಮಾದರಿ ಪರೀಕ್ಷೆಗಳ ಮಾರ್ಕುಪಟ್ಟಿ ಹಿಡಿದು ಬರುತ್ತಾರೆ. ಕೇಳುವುದು ಒಂದೇ: "ಸರ್, ಬರೀಲಾ, ಬಿಡ್ಲಾ?" ಕಳೆದ ಸಲ ಬಂದವಳು ಮಂಡ್ಯದ ಹುಡುಗಿ. ದಿನಾ ಬೆಳಿಗ್ಗೆ ರೈಲಿನಲ್ಲಿ ಮೈಸೂರಿಗೆ ಬಂದು ಓದಿ, ಸಂಜೆ ವಾಪಸ್ ಹೋಗುವವಳು. ಜೊತೆಗೆ ಅವಳ ಅಪ್ಪನೂ ಬಂದಿದ್ದರು. ಕಬ್ಬು ಬೆಳೆಯುವವರು, ಲೆಕ್ಕದಲ್ಲಿ ಚುರುಕು. ನಾನು ಪಟ್ಟಿ ನೋಡುವ ಮೊದಲೇ ಅವರೇ ತೀರ್ಪು ಕೊಟ್ಟರು: "ಆರು ಪರೀಕ್ಷೆದೂ ಸೇರ್ಸಿ ಭಾಗಿಸಿದ್ರೆ ಸರಿಯಾಗಿ ನೂರೈವತ್ತು ಬತ್ತದೆ ಸಾ. ಪಾಸಾಗಕ್ಕೂ ಅಷ್ಟೇ ತಾನೆ ಬೇಕಾಗಿರದು? ಬರ್ದ್‌ಬುಡ್ಲಿ."

ಅವರ ಭಾಗಾಕಾರ ತಪ್ಪಿರಲಿಲ್ಲ. ಆದರೂ ಕೊನೆಗೆ ಅವಳು ಬರೆಯಲಿಲ್ಲ. ಅದೇ ವಾರ ಬಂದ ಇನ್ನೊಬ್ಬ ಹುಡುಗನಿಗೆ ಟ್ಯಾಕ್ಸ್‌ನಲ್ಲಿ ಎರಡು ಸಲ 40ಕ್ಕಿಂತ ಕಡಿಮೆ ಬಂದಿತ್ತು, ಅವನಿಗೆ ಬರೆಯಲು ಹೇಳಿದೆ. ಯಾಕೆ ಹಾಗೆ ಅನ್ನುವುದನ್ನು ಹಂತ ಹಂತವಾಗಿ ಬರೆಯುತ್ತೇನೆ. ನಿಮ್ಮ ಪಟ್ಟಿಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ.

ಮೊದಲು ಗೆರೆ ಎಲ್ಲಿದೆ ಅಂತ ನೋಡಿ

ಇಂಟರ್‌ನ ಒಂದು ಗ್ರೂಪ್ ಅಂದರೆ ಮೂರು ಪೇಪರ್, ಒಂದೊಂದೂ 100 ಅಂಕ. ಮೊದಲ ಗ್ರೂಪ್‌ನಲ್ಲಿ ಅಡ್ವಾನ್ಸ್ಡ್ ಅಕೌಂಟಿಂಗ್, ಕಾರ್ಪೊರೇಟ್ ಅಂಡ್ ಅದರ್ ಲಾಸ್, ಟ್ಯಾಕ್ಸೇಷನ್. ಪಾಸಾಗಲು ಎರಡು ಗೆರೆ ದಾಟಬೇಕು: ಪ್ರತಿ ಪೇಪರಿನಲ್ಲೂ 40, ಮೂರೂ ಸೇರಿ 150. ಇವೆರಡರ ಜೊತೆಗೆ ಮೂರನೆಯ ಗೆರೆಯೊಂದಿದೆ. ಗ್ರೂಪ್‌ನ ಮೂರೂ ಪೇಪರ್ ಬರೆದು ಫೇಲಾದರೂ, ಯಾವುದಾದರೂ ಪೇಪರಿನಲ್ಲಿ 60 ಬಂದಿದ್ದರೆ ಅದಕ್ಕೆ ಎಕ್ಸೆಂಪ್ಷನ್ ಸಿಗುತ್ತದೆ. ಮುಂದಿನ ಮೂರು ಪ್ರಯತ್ನಗಳಲ್ಲಿ ಅದನ್ನು ಮತ್ತೆ ಬರೆಯಬೇಕಾಗಿಲ್ಲ, ಅದರ ಅಂಕ ಮೊತ್ತಕ್ಕೂ ಸೇರುತ್ತದೆ. ಈ ಮೂರನೆಯ ಗೆರೆ ಎಷ್ಟೋ ಸಲ ತೀರ್ಮಾನವನ್ನೇ ತಿರುಗಿಸುತ್ತದೆ, ಅದಕ್ಕೆ ಆಮೇಲೆ ಬರುತ್ತೇನೆ.

ಎರಡೂ ಗ್ರೂಪ್ ಒಟ್ಟಿಗೆ ಬರೆಯುವವರಿಗೆ ಇನ್ನೊಂದು ಅನುಕೂಲ ಉಂಟು. ಆರೂ ಪೇಪರಿನಲ್ಲಿ 40 ದಾಟಿ ಒಟ್ಟು 300 ಬಂದರೆ, ಒಂದು ಗ್ರೂಪ್‌ನ ಕೊರತೆಯನ್ನು ಇನ್ನೊಂದು ತುಂಬಿಕೊಡುತ್ತದೆ. ಎರಡನೆಯ ಗ್ರೂಪ್ ಬಿಡುವ ಯೋಚನೆ ಇದ್ದವರು ಈ ಆಸರೆ ಹೋಗುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಲ್ಲಿ ನಾನು ಒಂದೇ ಗ್ರೂಪ್ ಬರೆಯುವವರ ಮಾತು ಆಡುತ್ತಿದ್ದೇನೆ.

ಅವಳು ತಂದ ಪಟ್ಟಿ

| ಸುತ್ತು | ಅಕೌಂಟ್ಸ್ | ಲಾ | ಟ್ಯಾಕ್ಸ್ | ಒಟ್ಟು |
|---|---|---|---|---|
| 1 | 48 | 41 | 39 | 128 |
| 2 | 56 | 44 | 46 | 146 |
| 3 | 62 | 52 | 47 | 161 |
| 4 | 51 | 47 | 45 | 143 |
| 5 | 64 | 55 | 50 | 169 |
| 6 | 58 | 49 | 46 | 153 |

ಒಟ್ಟು 900, ಆರರಿಂದ ಭಾಗಿಸಿದರೆ 150. ಸುಮ್ಮನೆ ನೋಡಿದರೆ 128ರಿಂದ ಶುರುವಾಗಿ ಮೇಲಕ್ಕೆ ಹತ್ತುತ್ತಿರುವ ಹುಡುಗಿ. ನಾನು ಅವಳ ಅಪ್ಪನನ್ನು ಕೇಳಿದೆ, "ಫ್ಯಾಕ್ಟರಿಯವರು ನಿಮ್ಮ ಕಬ್ಬನ್ನ ಒಣ ಗರಿ, ರವದಿ ಸಮೇತ ತೂಗಿ ದುಡ್ಡು ಕೊಡ್ತಾರಾ?" ಅವರು ನಕ್ಕರು. "ರವದಿ ಅಂತ ಮುರ್ಕೊಳ್ಳದೆ ಬಿಟ್ಟಾರಾ ಸಾ!" ಈ ಪಟ್ಟಿಯಲ್ಲೂ ರವದಿ ಇತ್ತು. ಅದನ್ನು ಕಳೆದ ಮೇಲೆ ತೂಕ ಹಾಕಬೇಕು.

ಒಂದನೆ ಹಂತ: ರವದಿ ಕಳೆಯಿರಿ

ಪ್ರತಿ ಅಂಕದ ಎದುರಿಗೂ ನಾಲ್ಕು ಪ್ರಶ್ನೆ ಹಾಕಿ. ಆ ಹೊತ್ತಿಗೆ ಸಿಲಬಸ್ ಪೂರ್ತಿ ಓದಿತ್ತೇ? ಪ್ರಶ್ನೆಗಳು ಹೊಸವೇ? ಮೂರು ಗಂಟೆ ಮುಗಿದ ಕೂಡಲೇ ಪೆನ್ನು ಕೆಳಗಿಟ್ಟಿರೇ? ತಿದ್ದಿದವರು ಯಾರು?

ಮೊದಲ ಸುತ್ತು ಬರೆದಾಗ ಅವಳಿಗೆ ಜಿಎಸ್‌ಟಿ ಅರ್ಧ ಬಾಕಿ ಇತ್ತು. ಆ ಸುತ್ತು ಪೂರ್ತಿ ಹೊಡೆದುಹಾಕಿದೆ. ಅದು ಇಲ್ಲದಿದ್ದರೆ "128ರಿಂದ 153ಕ್ಕೆ ಬಂದೆ" ಅನ್ನುವ ಏಣಿಯೂ ಇಲ್ಲ. ಅರ್ಧ ಓದಿದವಳಿಗೂ ಪೂರ್ತಿ ಓದಿದವಳಿಗೂ ಇರುವ ವ್ಯತ್ಯಾಸವನ್ನು ಪ್ರಗತಿ ಅಂತ ಎಣಿಸಬಾರದು, ಯಾಕೆಂದರೆ ಅದು ಒಂದೇ ಸಲ ಆಗುವ ಜಿಗಿತ.

ಮೂರನೆ ಸುತ್ತು ಹಳೆಯ ಎಂಟಿಪಿ, ಅಂದರೆ ಸಿಎ ಪರೀಕ್ಷೆ ನಡೆಸುವ ಇನ್‌ಸ್ಟಿಟ್ಯೂಟಿನವರೇ ಬಿಡುವ ಮಾಕ್ ಟೆಸ್ಟ್ ಪೇಪರ್. ಅವಳು ಅದನ್ನು ಬರೆಯುವ ಎರಡು ವಾರ ಮೊದಲೇ ಅದರ ಉತ್ತರಗಳನ್ನು ಓದಿದ್ದಳು. "ನೆನಪಿರಲಿಲ್ಲ ಸರ್" ಅಂದಳು. ಉತ್ತರ ನೆನಪಿಲ್ಲದಿದ್ದರೂ ಯಾವ ದಾರಿ ಹಿಡಿಯಬೇಕು ಅನ್ನುವುದು ತಲೆಯಲ್ಲಿ ಉಳಿದಿರುತ್ತದೆ. ಅಕೌಂಟ್ಸ್‌ನಲ್ಲಿ ದಾರಿ ಗೊತ್ತಿದ್ದರೆ ಅರ್ಧ ಲೆಕ್ಕ ಮುಗಿದ ಹಾಗೆ. ಈ ಸುತ್ತೂ ಹೋಯಿತು.

ಐದನೆ ಸುತ್ತಿನ ಅಕೌಂಟ್ಸ್‌ನಲ್ಲಿ ಬಂದ 64 ಅವಳ ಹೆಮ್ಮೆಯ ಅಂಕ. ಉತ್ತರ ಪತ್ರಿಕೆ ತೆಗೆಸಿ ನೋಡಿದರೆ ನೀಲಿ ಇಂಕು ಒಂದು ಕಡೆ ನಿಂತು ಕಪ್ಪು ಶುರುವಾಗಿತ್ತು. ಮೂರು ಗಂಟೆ ಆದ ಮೇಲೆ ಪೆನ್ನು ಬದಲಿಸಿ ಮುಗಿಸಿದ್ದಳಂತೆ. ಒಳ್ಳೆಯ ಅಭ್ಯಾಸ, ಎಲ್ಲರೂ ಮಾಡಿ. ಆದರೆ ಪಟ್ಟಿಗೆ ಹಾಕಬೇಕಾದದ್ದು ನೀಲಿ ಇಂಕಿನ ಅಂಕ ಮಾತ್ರ. ಅದು 52.

ಇನ್ನು ತಿದ್ದುವವರ ವಿಷಯ. ಆರನೆ ಸುತ್ತು ಕೋಚಿಂಗ್ ಸೆಂಟರಿನಲ್ಲಿ ಬರೆದು ಬೇರೆಯವರು ತಿದ್ದಿದ್ದು. ಅದಕ್ಕೂ ಮೊದಲಿನ ಸುತ್ತುಗಳನ್ನೆಲ್ಲ ಇನ್‌ಸ್ಟಿಟ್ಯೂಟಿನ ಉತ್ತರ ಇಟ್ಟುಕೊಂಡು ತಾನೇ ತಿದ್ದಿದ್ದಳು. ಅಕೌಂಟ್ಸ್‌ನಲ್ಲಿ ಸ್ವಂತ ತಿದ್ದುವಿಕೆಯಿಂದ ದೊಡ್ಡ ಮೋಸ ಆಗುವುದಿಲ್ಲ, ಉತ್ತರ ತಾಳೆಯಾಗುತ್ತದೆ ಅಥವಾ ಇಲ್ಲ. ಮೋಸವೆಲ್ಲ ಲಾ ಪೇಪರಿನಲ್ಲಿ. ಒಂದು ಉದಾಹರಣೆ ಕೊಡುತ್ತೇನೆ. ಕಂಪನಿಯ ಮೊದಲ ಹಣಕಾಸು ವರ್ಷ ಮಾರ್ಚ್ 31ಕ್ಕೆ ಮುಗಿದಿದೆ, ಮೊದಲ ವಾರ್ಷಿಕ ಮಹಾಸಭೆಯನ್ನು ಮುಂದಿನ ಜನವರಿ 20ಕ್ಕೆ ಇಟ್ಟುಕೊಂಡಿದೆ, ರಿಜಿಸ್ಟ್ರಾರ್ ಹತ್ತಿರ ಸಮಯ ಕೇಳಬಹುದು ಅನ್ನುತ್ತಿದೆ, ಸರಿಯೇ? ಇದು 5 ಅಂಕದ ಪ್ರಶ್ನೆ. ಅವಳು ಬರೆದದ್ದು: ಒಂಬತ್ತು ತಿಂಗಳ ಒಳಗೆ ಸಭೆ ನಡೆಯಬೇಕಿತ್ತು, ಹಾಗಾಗಿ ಸರಿಯಲ್ಲ. ತೀರ್ಮಾನ ಸರಿ ಇದೆ, ಅದಕ್ಕೆ 4 ಕೊಟ್ಟುಕೊಂಡಿದ್ದಳು. ಆದರೆ ಪ್ರಶ್ನೆಯ ತಿರುಳು ಬೇರೆ. ರಿಜಿಸ್ಟ್ರಾರ್ ಮೂರು ತಿಂಗಳವರೆಗೆ ಸಮಯ ಕೊಡಬಹುದು, ಆದರೆ ಮೊದಲ ಸಭೆಗೆ ಕೊಡುವಂತಿಲ್ಲ. ಆ ಮಾತು ಅವಳ ಉತ್ತರದಲ್ಲಿ ಎಲ್ಲೂ ಇಲ್ಲ. ಕೊನೆಯ ದಿನ ಡಿಸೆಂಬರ್ 31 ಅಂತ ಲೆಕ್ಕ ಹಾಕಿಯೂ ತೋರಿಸಿಲ್ಲ. ನಾನು 2 ಕೊಟ್ಟೆ. ಕಾನೂನು ಏನು ಹೇಳುತ್ತದೆ, ಈ ಸಂಗತಿಗೆ ಹೇಗೆ ಹೊಂದುತ್ತದೆ, ಆದ್ದರಿಂದ ಏನು: ಈ ಮೂರಕ್ಕೂ ಬೇರೆ ಬೇರೆ ಅಂಕ ಇರುತ್ತದೆ. ಸ್ವಂತ ತಿದ್ದುವವರು ಕೊನೆಯ ಸಾಲು ತಾಳೆ ನೋಡಿ ಪೂರ್ತಿ ಹಾಕಿಕೊಂಡುಬಿಡುತ್ತಾರೆ.

ಹಾಗಾಗಿ ಎರಡು, ನಾಲ್ಕು, ಐದನೆ ಸುತ್ತುಗಳ ಲಾ ಪೇಪರನ್ನು ನಾನೇ ಮತ್ತೆ ತಿದ್ದಿದೆ. 44 ಇದ್ದದ್ದು 40 ಆಯಿತು, 47 ಇದ್ದದ್ದು 42, 55 ಇದ್ದದ್ದು 47. ನಿಮಗೆ ತಿದ್ದಿಕೊಡುವವರು ಸಿಗದಿದ್ದರೆ, ಜೊತೆಯಲ್ಲಿ ಓದುವವರೊಂದಿಗೆ ಒಂದೇ ಒಂದು ಲಾ ಪೇಪರ್ ಅದಲುಬದಲು ಮಾಡಿಕೊಳ್ಳಿ. ಅವರು ಕೊಟ್ಟದ್ದಕ್ಕೂ ನೀವು ಕೊಟ್ಟುಕೊಂಡದ್ದಕ್ಕೂ ಇರುವ ವ್ಯತ್ಯಾಸವನ್ನು ಉಳಿದ ಲಾ ಅಂಕಗಳಿಂದಲೂ ಕಳೆಯಿರಿ.

ಎಲ್ಲ ಕಳೆದ ಮೇಲೆ ಉಳಿದದ್ದು ನಾಲ್ಕೇ ಸುತ್ತು:

| ಸುತ್ತು | ಅಕೌಂಟ್ಸ್ | ಲಾ | ಟ್ಯಾಕ್ಸ್ | ಒಟ್ಟು |
|---|---|---|---|---|
| 2 | 56 | 40 | 46 | 142 |
| 4 | 51 | 42 | 45 | 138 |
| 5 | 52 | 47 | 50 | 149 |
| 6 | 58 | 49 | 46 | 153 |

ಸರಾಸರಿ 145.5. ಅಪ್ಪ ಮಗಳು ಇಬ್ಬರೂ ಸುಮ್ಮನಾದರು.

ಎರಡನೆ ಹಂತ: ನಿಮ್ಮ ಏರಿಳಿತ ಎಷ್ಟು ಅಂತ ಅಳೆಯಿರಿ

ಒಂದೇ ತಯಾರಿ ಇರುವ ಒಬ್ಬರೇ ಎರಡು ಬೇರೆ ಪ್ರಶ್ನೆಪತ್ರಿಕೆ ಬರೆದರೆ ಅಂಕ ಒಂದೇ ಬರುವುದಿಲ್ಲ. ಓದಿದ ಅಧ್ಯಾಯ ಬರಬಹುದು, ಬರದಿರಬಹುದು. ಬಹು ಆಯ್ಕೆಯ 30 ಅಂಕಗಳಲ್ಲೇ ಎಷ್ಟೋ ತೂಗಾಡುತ್ತದೆ. ಎರಡು ಅಂಕದ ಐದು ಪ್ರಶ್ನೆಗೆ ಊಹೆಯಿಂದ ಟಿಕ್ ಹಾಕಿದರೆ ಒಂದು ಸಲ ಸೊನ್ನೆ, ಇನ್ನೊಂದು ಸಲ 6 ಬರುವುದು ಮಾಮೂಲು. ಇಂಟರ್‌ನಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲವಾದ್ದರಿಂದ ಊಹೆ ಮಾಡದೆ ಯಾರೂ ಬಿಡುವುದೂ ಇಲ್ಲ.

ಈ ಏರಿಳಿತ ಅಳೆಯಲು ದೊಡ್ಡ ಗಣಿತ ಬೇಡ. ಶುದ್ಧ ಮಾಡಿದ ಸುತ್ತುಗಳಲ್ಲಿ ಅತಿ ಹೆಚ್ಚಿನದರಿಂದ ಅತಿ ಕಡಿಮೆಯದನ್ನು ಕಳೆದು ಅರ್ಧ ಮಾಡಿ. ಅವಳ ಮೊತ್ತದಲ್ಲಿ 153ರಿಂದ 138 ಕಳೆದರೆ 15, ಅರ್ಧ ಸುಮಾರು 7.5. ಅಂದರೆ ಅವಳು ಇವತ್ತು 145.5ರ ಹುಡುಗಿ, ಅತ್ತಿತ್ತ 7.5. ನಾಲ್ಕೇ ಸುತ್ತಿನಿಂದ ತೆಗೆದ ಏರಿಳಿತ ನಿಜವಾದದ್ದಕ್ಕಿಂತ ಚಿಕ್ಕದಾಗಿರುವುದೇ ಹೆಚ್ಚು, ಪರೀಕ್ಷೆಯ ದಿನ ಅದರಾಚೆಗೂ ಹೋಗಬಹುದು. ಇನ್ನೊಂದು ಎಚ್ಚರಿಕೆ: ಮೊತ್ತದ ಏರಿಳಿತವನ್ನು ಮೊತ್ತದಿಂದಲೇ ತೆಗೆಯಿರಿ. ಮೂರು ಪೇಪರಿನ ಏರಿಳಿತ ಕೂಡಿಸಿದರೆ ಸುಮ್ಮನೆ ಹೆದರಿಕೊಳ್ಳುತ್ತೀರಿ, ಯಾಕೆಂದರೆ ಮೂರೂ ಒಂದೇ ಸುತ್ತಿನಲ್ಲಿ ಕೈ ಕೊಡುವುದು ಅಪರೂಪ.

ಈಗ ಗೆರೆಗೆ ಹೋಲಿಸಿ. ಸರಾಸರಿಯಿಂದ ಏರಿಳಿತ ಕಳೆದ ಮೇಲೂ ಮೊತ್ತ 150ರ ಮೇಲೆ, ಪ್ರತಿ ಪೇಪರೂ 40ರ ಮೇಲೆ ನಿಂತರೆ ಯೋಚಿಸುವುದೇನೂ ಇಲ್ಲ, ಬರೆಯಿರಿ. ಸರಾಸರಿಗೆ ಏರಿಳಿತ ಕೂಡಿಸಿದರೂ ಗೆರೆ ಮುಟ್ಟದಿದ್ದರೆ ಪಾಸಾಗುವ ಆಸೆ ಈ ಸಲಕ್ಕೆ ಬಿಡಿ. ಅವಳದು ಎರಡೂ ಅಲ್ಲ. 138ರಿಂದ 153ರ ನಡುವೆ 150 ಬಿದ್ದಿದೆ, ಲಾ ಪೇಪರಿನ ಕೆಳತುದಿ 40ನ್ನು ಮುಟ್ಟುತ್ತಿದೆ. ಮನೆಗೆ ಬರುವವರಲ್ಲಿ ಮುಕ್ಕಾಲು ಪಾಲು ಇಂಥವರೇ. ಬೇರೆಯವರಿಗೆ ನನ್ನ ಹತ್ತಿರ ಬರುವ ಕೆಲಸವೇ ಇರುವುದಿಲ್ಲವಲ್ಲ.

ಅವಳು ಒಂದು ಆಕ್ಷೇಪ ಎತ್ತಿದಳು. "ಸರ್, ಲಾ ನೋಡಿ. 40, 42, 47, 49. ಏರ್ತಾನೇ ಇದೆ. ಇನ್ನೂ ಎರಡು ಸುತ್ತು ಬರೆದ್ರೆ 55 ಆಗಲ್ವಾ?" ಏರಿಕೆ ನಿಜ, ನಾಲ್ಕೂ ಸುತ್ತಿನಲ್ಲಿ ಒಂದೇ ದಿಕ್ಕು ಇದೆ. ಆದರೆ ಅದು ಯಾಕೆ ಏರಿತು ಅನ್ನುವುದು ಉತ್ತರ ಪತ್ರಿಕೆಯಲ್ಲೇ ಕಾಣುತ್ತಿತ್ತು. ಐದನೆ ಸುತ್ತಿನ ಹೊತ್ತಿಗೆ ಅವಳು ಉತ್ತರವನ್ನು ಮೂರು ಭಾಗ ಮಾಡಿ ಬರೆಯಲು ಕಲಿತಿದ್ದಳು. ಆ ಲಾಭ ಬಂದು ಆಗಿದೆ, ಮತ್ತೆ ಮತ್ತೆ ಬರುವುದಿಲ್ಲ. ಮುಂದಿನ ಸುತ್ತಿಗೆ 49ನ್ನೇ ಇಟ್ಟುಕೊಂಡು, ಉಳಿದೆರಡಕ್ಕೆ ಅವುಗಳ ಸರಾಸರಿ ಹಾಕಿದರೆ ಮೊತ್ತ ಸರಿಯಾಗಿ 150. ನಾಣ್ಯ ಚಿಮ್ಮಿದ ಹಾಗೆ.

ಮೂರನೆ ಹಂತ: ಹೋದ ಅಂಕವನ್ನು ಮೂರು ಪಾಲು ಮಾಡಿ

ಗೆರೆಯ ಮೇಲೆ ಕೂತವರಿಗೆ ಬಂದ ಅಂಕದಿಂದ ಇನ್ನೇನೂ ತಿಳಿಯುವುದಿಲ್ಲ. ಹೋದ ಅಂಕ ನೋಡಬೇಕು. ಏರದೆ ನಿಂತಲ್ಲೇ ನಿಂತಿರುವ ಪೇಪರ್ ತೆಗೆದುಕೊಳ್ಳಿ. ಅವಳದು ಟ್ಯಾಕ್ಸ್: 46, 45, 50, 46. ಆರನೆ ಸುತ್ತಿನಲ್ಲಿ ಹೋದದ್ದು 54. ಮೂರು ಬಣ್ಣದ ಪೆನ್ನು ಹಿಡಿದು ಒಂದೊಂದನ್ನೂ ಗುರುತು ಹಾಕಿದೆವು. ಸಮಯ ಸಾಲದೆ ಮುಟ್ಟದೇ ಬಿಟ್ಟದ್ದು 14. ವಿಷಯ ಗೊತ್ತಿಲ್ಲದೆ ಹೋದದ್ದು 25. ಗೊತ್ತಿದ್ದೂ ಕೈತಪ್ಪಿ ಹೋದದ್ದು 15.

ಈ ಮೂರಕ್ಕೂ ಬೇಕಾಗುವ ಸಮಯ ಬೇರೆ ಬೇರೆ. ಬಿಟ್ಟದ್ದನ್ನು ಹಿಡಿಯಲು ಒಂದೆರಡು ವಾರ ಸಾಕು, ಪ್ರಶ್ನೆ ಬರೆಯುವ ಸರದಿ ಬದಲಿಸಿದರೂ ಆದೀತು. ಕೈತಪ್ಪು ಕಡಿಮೆಯಾಗುತ್ತದೆ, ಆದರೆ ಪೂರ್ತಿ ಹೋಗುವುದಿಲ್ಲ. ಗೊತ್ತಿಲ್ಲದ್ದಕ್ಕೆ ಮಾತ್ರ ತಿಂಗಳುಗಳೇ ಬೇಕು. ಅದಕ್ಕೇ, ಹೋದ ಅಂಕದಲ್ಲಿ ಗೊತ್ತಿಲ್ಲದ ಪಾಲು ದೊಡ್ಡದಾಗಿದ್ದರೆ ಮುಂದಕ್ಕೆ ಹಾಕುವುದರಿಂದ ಲಾಭ ಇದೆ. ಬಿಟ್ಟದ್ದು, ಕೈತಪ್ಪಿದ್ದು ದೊಡ್ಡದಾಗಿದ್ದರೆ ನಾಲ್ಕು ತಿಂಗಳು ಮುಂದಕ್ಕೆ ಹೋದರೂ ಅದೇ ತಪ್ಪು ಜೊತೆಗೆ ಬರುತ್ತದೆ, ಈಗಲೇ ಬರೆಯುವುದು ಮೇಲು.

ಅವಳ 14ರಲ್ಲಿ ನನಗೆ ಆಸೆ ಕಂಡಿತು. ಇನ್ಕಮ್ ಟ್ಯಾಕ್ಸ್‌ನ ದೊಡ್ಡ ಲೆಕ್ಕ ಹಿಡಿದು ಕೂತು, ಜಿಎಸ್‌ಟಿಗೆ ಬರುವ ಹೊತ್ತಿಗೆ ಸಮಯ ಮುಗಿದಿರುತ್ತಿತ್ತು. "ಮುಂದಿನ ಸಲ ಜಿಎಸ್‌ಟಿ ಮೊದಲು ಬರಿ" ಅಂದೆ.

ನಾಲ್ಕನೆ ಹಂತ: ಕೊನೆಯ ಸುತ್ತಿಗೆ ಮೊದಲೇ ಷರತ್ತು ಬರೆದಿಡಿ

ಪರೀಕ್ಷೆಗೆ ಸುಮಾರು ಮೂರು ವಾರ ಇರುವಾಗ ಇನ್ನೊಂದೇ ಒಂದು ಸುತ್ತು, ಪೂರ್ತಿ ಪರೀಕ್ಷೆಯ ಕಟ್ಟುಪಾಡಿನಲ್ಲಿ. ಇನ್‌ಸ್ಟಿಟ್ಯೂಟಿನ ಎಂಟಿಪಿ ಎರಡು ಸರಣಿಯಲ್ಲಿ ಬರುತ್ತದೆ. ಎರಡನೆಯದನ್ನು ಕಣ್ಣೆತ್ತಿಯೂ ನೋಡದೆ ಇದಕ್ಕೆಂದೇ ಎತ್ತಿಡುವುದು ಒಳ್ಳೆಯದು.

ಆ ಸುತ್ತು ಬರೆಯುವ ಮೊದಲು, ಎಷ್ಟು ಬಂದರೆ ಬರೆಯುತ್ತೇನೆ, ಎಷ್ಟು ಬಂದರೆ ಬಿಡುತ್ತೇನೆ ಅನ್ನುವುದನ್ನು ಕಾಗದದಲ್ಲಿ ಬರೆದು ಮನೆಯವರ ಕೈಗೆ ಕೊಡಿ. ಅಂಕ ಬಂದ ಮೇಲೆ ಗೆರೆ ಎಳೆಯಲು ಕೂತರೆ ಯಾರ ಕೈಯೂ ನೆಟ್ಟಗೆ ಓಡುವುದಿಲ್ಲ. ಅವಳಿಗೆ ನಾವು ಇಟ್ಟ ಷರತ್ತು ಎರಡು: ಮೊತ್ತ 155 ಬರಬೇಕು, ಟ್ಯಾಕ್ಸ್‌ನಲ್ಲಿ ಮುಟ್ಟದೇ ಬಿಟ್ಟದ್ದು 5 ಅಂಕಕ್ಕಿಂತ ಹೆಚ್ಚಿರಬಾರದು. 150 ಯಾಕಲ್ಲ ಅಂದರೆ, 150 ಬಂದವಳು ಮುಂದಿನ ಸಲ 145ಕ್ಕೂ ಇಳಿಯಬಹುದು, 155ಕ್ಕೂ ಏರಬಹುದು. ಏರಿಳಿತದ ಪೂರ್ತಿ ಪಾಲು ಕೇಳಿದರೆ 158 ಬೇಕಿತ್ತು. ಓದಲು ಇನ್ನೂ ಮೂರು ವಾರ ಇದೆಯಲ್ಲ ಅಂತ ಮೂರು ಅಂಕ ನಾನು ಬಿಟ್ಟುಕೊಟ್ಟೆ. ಇದು ನನ್ನ ಅಂದಾಜು, ಕಲ್ಲಿನಲ್ಲಿ ಕೆತ್ತಿದ್ದಲ್ಲ.

ಏಳನೆ ಸುತ್ತು ನನ್ನ ಮನೆಯ ಊಟದ ಮೇಜಿನ ಮೇಲೆ ಬರೆದಳು. ಅಕೌಂಟ್ಸ್ 55, ಲಾ 47, ಟ್ಯಾಕ್ಸ್ 48. ಒಟ್ಟು 150.

ಅಪ್ಪನಿಗೆ ಫೋನಿನಲ್ಲಿ ಹೇಳಿದೆ. "ಮತ್ತೆ ನೂರೈವತ್ತೇ ಬಂತಲ್ಲ ಸಾ!" ಅಂದರು. ಖುಷಿಯೋ ಬೇಸರವೋ ಗೊತ್ತಾಗಲಿಲ್ಲ.

ಆದರೆ ಟ್ಯಾಕ್ಸ್‌ನಲ್ಲಿ ಹೋದ 52 ಅಂಕಗಳನ್ನು ಮತ್ತೆ ಮೂರು ಪಾಲು ಮಾಡಿದಾಗ ನಾನು ಎಡವಿದ್ದು ಎಲ್ಲಿ ಅಂತ ಗೊತ್ತಾಯಿತು. ಬಿಟ್ಟದ್ದು 14ರಿಂದ 8ಕ್ಕೆ ಇಳಿದಿತ್ತು, ಕೈತಪ್ಪು 13. ಗೊತ್ತಿಲ್ಲದ್ದು ಮಾತ್ರ 25ರಿಂದ 31ಕ್ಕೆ ಏರಿತ್ತು. ಜಿಎಸ್‌ಟಿ ಮೊದಲು ಬರೆದಳು, ಸಮಯವೂ ಸಿಕ್ಕಿತು, ಆದರೆ ಮುಟ್ಟಿದ ಪ್ರಶ್ನೆಗಳಲ್ಲಿ ಅಂಕ ಬರಲಿಲ್ಲ. ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್‌ನ ಲೆಕ್ಕದಲ್ಲಿ ಕಂಪನಿಯ ನಿರ್ದೇಶಕರ ಓಡಾಟಕ್ಕೆ ಕೊಂಡ ಕಾರಿನ ತೆರಿಗೆಯನ್ನೂ ಕ್ರೆಡಿಟ್ಟಿಗೆ ಸೇರಿಸಿದ್ದಳು. ಜನರನ್ನು ಸಾಗಿಸುವ ಹದಿಮೂರು ಸೀಟಿನವರೆಗಿನ ವಾಹನಕ್ಕೆ, ಕೆಲವೇ ವ್ಯವಹಾರಗಳನ್ನು ಬಿಟ್ಟರೆ, ಕ್ರೆಡಿಟ್ ಇಲ್ಲ ಅನ್ನುವ ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 17(5)ರ ಪಟ್ಟಿಯನ್ನು ಅವಳು ಒಮ್ಮೆ ಓದಿ ಮುಚ್ಚಿಟ್ಟಿದ್ದಳು ಅಷ್ಟೆ. "ಸಮಯ ಸಾಲಲಿಲ್ಲ" ಅಂತ ನಾವು ಗುರುತು ಹಾಕಿದ್ದ 14 ಅಂಕದೊಳಗೆ "ಗೊತ್ತಿಲ್ಲ" ಅನ್ನುವುದು ಅಡಗಿ ಕೂತಿತ್ತು. ಮುಟ್ಟದೇ ಬಿಟ್ಟ ಪ್ರಶ್ನೆಯನ್ನು ಗೊತ್ತಿದ್ದ ಪ್ರಶ್ನೆ ಅಂತ ನಂಬುವ ಮೊದಲು, ಮನೆಯಲ್ಲಿ ಗಡಿಯಾರ ಇಲ್ಲದೆ ಅದೊಂದನ್ನೇ ಬರೆದು ನೋಡಬೇಕಿತ್ತು. ಈಗ ಎಲ್ಲರಿಗೂ ಮೊದಲೇ ಅದನ್ನು ಮಾಡಿಸುತ್ತೇನೆ.

ಐದನೆ ಹಂತ: ಬರೆದು ಫೇಲಾದರೆ ಏನು ಸಿಗುತ್ತದೆ, ಏನು ಹೋಗುತ್ತದೆ

"ಫೀಸು ಕಟ್ಟಿ ಆಗಿದೆ, ಹೋಗಿ ಬರೆದು ಬರಲಿ, ಅನುಭವ ಆಗುತ್ತದೆ" ಅನ್ನುವವರು ಬಹಳ. ಒಂದು ಗ್ರೂಪಿನ ಫೀಸು 1500 ರೂಪಾಯಿ, ಫಾರಂ ತುಂಬುವುದು ಪರೀಕ್ಷೆಗೆ ಸುಮಾರು ಎರಡು ತಿಂಗಳು ಮೊದಲೇ. ಬರೆದರೂ ಬಿಟ್ಟರೂ ಆ ದುಡ್ಡು ಹೋದ ಹಾಗೆಯೇ, ಅದನ್ನು ಲೆಕ್ಕಕ್ಕೆ ತರಬೇಡಿ. ಅನುಭವದ ಮಾತು ಎಂದೂ ಮೂರು ಗಂಟೆ ಕೂತು ಬರೆಯದವರಿಗೆ ಸರಿ, ಏಳು ಸುತ್ತು ಬರೆದವಳಿಗಲ್ಲ.

ಲೆಕ್ಕಕ್ಕೆ ತರಬೇಕಾದದ್ದು ಕ್ಯಾಲೆಂಡರ್. 2024ರಿಂದ ಇಂಟರ್ ವರ್ಷಕ್ಕೆ ಮೂರು ಸಲ ನಡೆಯುತ್ತಿದೆ: ಜನವರಿ, ಮೇ, ಸೆಪ್ಟೆಂಬರ್. ಮೇ ತಿಂಗಳಲ್ಲಿ ಬರೆದವರಿಗೆ ಫಲಿತಾಂಶ ಬರುವುದು ಜುಲೈ ಹೊತ್ತಿಗೆ. ನಡುವಿನ ಎರಡು ತಿಂಗಳು ಅದೇ ಪುಸ್ತಕವನ್ನು ಮತ್ತೆ ತೆರೆಯುವವರನ್ನು ನಾನು ಕಂಡದ್ದು ಕಡಿಮೆ, ಬಂದರೂ ಬಂದೀತು ಅನ್ನುವ ಆಸೆ ಕೈ ಕಟ್ಟಿಹಾಕುತ್ತದೆ. ಫೇಲಾದರೆ ಸೆಪ್ಟೆಂಬರಿಗೆ ಉಳಿಯುವುದು ಎರಡೇ ತಿಂಗಳು. ಏಪ್ರಿಲ್‌ನಲ್ಲೇ ಬಿಟ್ಟವರಿಗೆ ನಾಲ್ಕು ತಿಂಗಳ ಮೇಲೆ ಸಿಗುತ್ತದೆ. ಆರ್ಟಿಕಲ್‌ಶಿಪ್ ತರಬೇತಿಯ ಎರಡು ವರ್ಷ ಶುರುವಾಗುವುದು ಎರಡೂ ಗ್ರೂಪ್ ಪಾಸಾದ ಮೇಲೆ, ಹಾಗಾಗಿ ಫೇಲಾದರೂ ಬಿಟ್ಟರೂ ಆಗುವ ತಡ ಒಂದೇ.

ಈಗ ಮೂರನೆಯ ಗೆರೆಯ ಮಾತು. ಬರೆದು ಫೇಲಾದರೂ 60 ಬರುವ ಪೇಪರ್ ಒಂದಿದ್ದರೆ ಬರಿಗೈಲಿ ಬರುವುದಿಲ್ಲ. ಮಂಡ್ಯದ ಹುಡುಗಿಗೆ ಅದು ಇರಲಿಲ್ಲ. ಅಕೌಂಟ್ಸ್‌ನಲ್ಲಿ ಐದು ಶುದ್ಧ ಸುತ್ತಿನಲ್ಲಿ ಒಂದು ಸಲವೂ 60 ಮುಟ್ಟಿಲ್ಲ. ಅದೇ, ಮೊದಲು ಹೇಳಿದ ಮೈಸೂರಿನ ಹುಡುಗನ ಶುದ್ಧ ಅಂಕ ನೋಡಿ. ಅಕೌಂಟ್ಸ್ 64, 61, 68, 63. ಟ್ಯಾಕ್ಸ್ 44, 36, 47, 38. ಮೊತ್ತ ಯಾವಾಗಲೂ 150ರ ಮೇಲೆ, ಆದರೆ ಟ್ಯಾಕ್ಸ್ ನಾಲ್ಕರಲ್ಲಿ ಎರಡು ಸಲ 40ರ ಕೆಳಗೆ. ಪಾಸು ಅನುಮಾನ. ಆದರೂ ಅಕೌಂಟ್ಸ್ ಸರಾಸರಿ 64, ಏರಿಳಿತ ಕಳೆದರೂ 60ರ ಮೇಲೆ. ಟ್ಯಾಕ್ಸ್ ಕೈ ಕೊಟ್ಟರೂ ಅಕೌಂಟ್ಸ್ ಎಕ್ಸೆಂಪ್ಷನ್ ಸಿಗುವ ಸಂಭವ ಹೆಚ್ಚು, ಆಮೇಲೆ ಎರಡೇ ಪೇಪರ್ ಓದಿದರಾಯಿತು. ಅದಕ್ಕೇ ಅವನಿಗೆ ಬರೆಯಲು ಹೇಳಿದೆ. ಒಂದೇ ಒಂದು ಎಚ್ಚರಿಕೆ ಕೊಟ್ಟೆ: ಟ್ಯಾಕ್ಸ್ ಪೇಪರಿನ ದಿನ ಧೈರ್ಯ ಸಾಲದೆ ಮನೆಯಲ್ಲೇ ಉಳಿದರೆ ಅಕೌಂಟ್ಸ್‌ನಲ್ಲಿ 70 ಬಂದರೂ ಎಕ್ಸೆಂಪ್ಷನ್ ಇಲ್ಲ. ಮೂರೂ ಪೇಪರಿಗೆ ಕೂತಿರಲೇಬೇಕು.

ಮುಂದಕ್ಕೆ ಹಾಕುವವರು ಅದಕ್ಕೂ ಮೊದಲು ಇನ್ನೊಂದು ನೋಡಿಕೊಳ್ಳಬೇಕು. ಟ್ಯಾಕ್ಸ್ ಪೇಪರಿಗೆ ಯಾವ ಫೈನಾನ್ಸ್ ಆ್ಯಕ್ಟ್, ಯಾವ ತಿದ್ದುಪಡಿಗಳು ಅನ್ವಯ ಅನ್ನುವುದು ಪ್ರಯತ್ನದಿಂದ ಪ್ರಯತ್ನಕ್ಕೆ ಬದಲಾಗುತ್ತದೆ. ಆದಾಯ ತೆರಿಗೆ ಕಾಯ್ದೆ 2025 ಏಪ್ರಿಲ್ 1, 2026ರಿಂದ ಜಾರಿ, ಸೆಕ್ಷನ್ ಸಂಖ್ಯೆಗಳೇ ಹೊಸವು. ನೀವು ಮುಂದೆ ಬರೆಯಲಿರುವ ಪ್ರಯತ್ನಕ್ಕೆ ಯಾವುದು ಅನ್ವಯ ಅಂತ ಇನ್‌ಸ್ಟಿಟ್ಯೂಟಿನ ಬೋರ್ಡ್ ಆಫ್ ಸ್ಟಡೀಸ್ ಪ್ರಕಟಣೆ ತೆಗೆದು ಓದಿ. ಟ್ಯಾಕ್ಸ್‌ನಲ್ಲಿ ಗಟ್ಟಿಯಾಗಿದ್ದು ಬೇರೆ ಪೇಪರಿಗಾಗಿ ಮುಂದಕ್ಕೆ ಹಾಕುತ್ತಿರುವವರಿಗೆ ಈ ಬದಲಾವಣೆ ಗಳಿಸಿದ ಅಂಕವನ್ನೇ ಕಿತ್ತುಕೊಳ್ಳಬಹುದು. ಆಗ ಈಗಲೇ ಬರೆಯುವ ಕಡೆಗೆ ತಕ್ಕಡಿ ವಾಲುತ್ತದೆ.

ಮಂಡ್ಯದ ಹುಡುಗಿಗೆ ಜೊತೆಗೆ ಬಿಕಾಂ ಕೊನೆಯ ಸೆಮಿಸ್ಟರೂ ಹತ್ತಿರ ಬಂದಿತ್ತು. ಷರತ್ತಿನ ಕಾಗದ ಅಪ್ಪನ ಜೇಬಿನಲ್ಲೇ ಇತ್ತು. ಅದನ್ನು ತೆಗೆದು ಮೇಜಿನ ಮೇಲಿಟ್ಟು, "ಐದೇ ಮಾರ್ಕು ಸಾ ಕಮ್ಮಿ" ಅಂದರು. ನಾನು ಉತ್ತರ ಕೊಡುವ ಮೊದಲೇ ಮಗಳು ಅಂದಳು: "ಐದಲ್ಲ ಕಣಪ್ಪ, ಮೂವತ್ತೊಂದು." ಟ್ಯಾಕ್ಸ್ ಉತ್ತರ ಪತ್ರಿಕೆಯಲ್ಲಿ ಕೆಂಪು ಹಾಕಿದ ಜಾಗಗಳನ್ನು ಬೆರಳಿಟ್ಟು ತೋರಿಸಿದಳು.

ಆ ಸಂಜೆಯೇ ಮೂವತ್ತೊಂದು ಅಂಕವನ್ನು ಅಧ್ಯಾಯಗಳಿಗೆ ಹಂಚಿದೆವು. ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್‌ಗೆ 9, ಕ್ಯಾಪಿಟಲ್ ಗೇನ್ಸ್‌ಗೆ 8, ಸಪ್ಲೈಯ ಮೌಲ್ಯಕ್ಕೆ 6, ಉಳಿದದ್ದು ಚಿಲ್ಲರೆ. ಡಿಗ್ರಿ ಪರೀಕ್ಷೆ ಮುಗಿಯುವ ತನಕ ಸಿಎ ಪುಸ್ತಕ ಮುಟ್ಟಕೂಡದು, ಆಮೇಲೆ ಮೊದಲ ಎರಡು ವಾರ ಕ್ರೆಡಿಟ್ ಒಂದೇ, ಜುಲೈ ಕೊನೆಗೆ ಹೊಸ ಪೇಪರಿನಲ್ಲಿ ಮೊದಲ ಸುತ್ತು ಅಂತ ಬರೆದುಕೊಂಡಳು. ಪಟ್ಟಿಯ ಮೇಲೆ "ಸುತ್ತು 1" ಅಂತ ಹಾಕಿ, ಪಕ್ಕದಲ್ಲಿ ಹೊಸದೊಂದು ಅಂಕಣ ಗೆರೆ ಎಳೆದು "ತಿದ್ದಿದವರು" ಅಂತ ಬರೆದಳು. ಆರೂಕಾಲಿನ ರೈಲಿಗೆ ಹೊತ್ತಾಯಿತು ಅಂತ ಅಪ್ಪ ಚಪ್ಪಲಿ ಹಾಕಿಕೊಳ್ಳುತ್ತಿದ್ದರು.